ಮನೆಯಲ್ಲಿ ವೈನ್ ಮಾಗಿಸುವಿಕೆ

ಮನೆಯಲ್ಲಿ ವೈನ್ ಮಾಗಿಸುವಿಕೆ ಎಂದರೆ ನೆಲಮಾಳಿಗೆಯಿಲ್ಲದ ಮನೆಯಲ್ಲಿ ವೈನ್ ಬಾಟಲಿಯನ್ನು ತೆರೆಯದೆ ವರ್ಷಗಟ್ಟಲೆ ಇಟ್ಟು ಅದರ ರುಚಿಯನ್ನು ಹದಗೊಳಿಸುವ ಕ್ರಮ. ಇದಕ್ಕೆ ಕತ್ತಲೆ ಹಾಗೂ ಸುಮಾರು 12ರಿಂದ 14 ಡಿಗ್ರಿ ಸೆಲ್ಸಿಯಸ್‌ನ ಸ್ಥಿರ ಉಷ್ಣತೆ ಅಗತ್ಯ.

ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಹಮ್ಮಿಗಿಯಂತಹ ಬಯಲುಸೀಮೆಯ ಊರುಗಳಲ್ಲಿ ಬೇಸಿಗೆಯ ಹಗಲಿನ ಉಷ್ಣತೆ 40 ಡಿಗ್ರಿಯನ್ನು ಸಮೀಪಿಸುತ್ತದೆ. 20 ಡಿಗ್ರಿಯಲ್ಲಿದ್ದ 750 ಮಿಲಿಲೀಟರ್ ವೈನ್ 40 ಡಿಗ್ರಿಗೆ ಕಾದಾಗ ಸುಮಾರು 5 ಮಿಲಿಲೀಟರ್‌ನಷ್ಟು ಹಿಗ್ಗುತ್ತದೆ. ಬಾಟಲಿಯ ಕತ್ತಿನಲ್ಲಿರುವ ಖಾಲಿ ಜಾಗ ಬಹಳ ಕಿರಿದಾದ್ದರಿಂದ ಒತ್ತಡ ಹೆಚ್ಚಿ ಬಿರಡೆ ಮೇಲೇಳುತ್ತದೆ. ತಣಿದಾಗ ಗಾಳಿ ಒಳಸೇರುತ್ತದೆ. ಉಬ್ಬಿದ ಬಿರಡೆ, ಕತ್ತಿನ ಮೇಲಿನ ಅಂಟು, ಕಂದು ಬಣ್ಣ, ಬೇಯಿಸಿದ ಹಣ್ಣಿನಂತಹ ವಾಸನೆ ಇವು ಕೆಟ್ಟುದರ ಗುರುತುಗಳು.

ದಪ್ಪ ಮಣ್ಣಿನ ಗೋಡೆಯ ಹಳೆಯ ಮನೆಯ ಒಳಕೋಣೆಯಲ್ಲಿ, ನೆಲಕ್ಕೆ ಹತ್ತಿರವಾಗಿ, ಬಿರಡೆ ಒಣಗದಂತೆ ಬಾಟಲಿಯನ್ನು ಅಡ್ಡ ಮಲಗಿಸಿ ಚಳಿಗಾಲದ ತಿಂಗಳುಗಳನ್ನು ಕಳೆಯಬಹುದು. ಅಡುಗೆಮನೆಯ ಅಟ್ಟ ಎಲ್ಲಕ್ಕಿಂತ ಕೆಟ್ಟ ಜಾಗ. ಬೇಸಿಗೆಯಲ್ಲಿ ಫ್ರಿಜ್ಜೇ ಗತಿ. ಅಲ್ಲಿನ 4 ಡಿಗ್ರಿಯಲ್ಲಿ ಮಾಗುವಿಕೆ ಬಹುತೇಕ ನಿಂತರೂ ವೈನ್ ಉಳಿಯುತ್ತದೆ. ಹಲವು ವರ್ಷಗಳ ಸಂಗ್ರಹಕ್ಕೆ ಉಷ್ಣತೆ ನಿಯಂತ್ರಿಸುವ ವೈನ್ ಫ್ರಿಜ್ ಹೊರತು ಬೇರೆ ದಾರಿಯಿಲ್ಲ.

ಹೆಚ್ಚಿನ ವೈನ್‌ಗಳಿಗೆ ಈ ಶ್ರಮ ವ್ಯರ್ಥ. ಬೆಂಗಳೂರು ನೀಲಿ ದ್ರಾಕ್ಷಿಯ ಸಿಹಿ ವೈನ್, ರೋಸೆ, ಸಾವಿನ್ಯೋಂ ಬ್ಲಾಂಕ್ ಮುಂತಾದವನ್ನು ಒಂದೆರಡು ವರ್ಷದೊಳಗೆ ಕುಡಿಯುವುದೇ ಲೇಸು. ಒಗರು ಮತ್ತು ಹುಳಿ ಎರಡೂ ಸಾಕಷ್ಟಿರುವ ಕೆಂಪು ವೈನ್ ಕಾಲಕ್ಕೆ ತಡೆಯುತ್ತದೆ. ನಂದಿಬೆಟ್ಟದ ತಪ್ಪಲಿನ ಗ್ರೋವರ್ ಸಂಸ್ಥೆಯ, ಕ್ಯಾಬರ್ನೆ ಸಾವಿನ್ಯೋಂ ಹಾಗೂ ಶಿರಾಜ್ ಬೆರೆಸಿ ಓಕ್ ಪೀಪಾಯಿಯಲ್ಲಿ ಇರಿಸುವ ‘ಲಾ ರಿಸರ್ವ್’ ಅಂತಹದು. ತಂಪಿನಲ್ಲಿಟ್ಟರೆ ಕೆಲವು ವರ್ಷಗಳಲ್ಲಿ ಅದರ ಒಗರು ಮೃದುವಾಗುತ್ತದೆ.