ಹೊಟ್ಟೆಯನ್ನು ಯಾವ ಯಂತ್ರ ಅಳೆಯುತ್ತದೆ?

ವಯಸ್ಸು 45, ಎತ್ತರ 170 ಸೆಂಟಿಮೀಟರ್, ತೂಕ 72 ಕಿಲೋ. ಹೀಗೊಬ್ಬರು ಬೆಳಿಗ್ಗೆ ಎದ್ದು ಮನೆಯ ಸ್ಮಾರ್ಟ್ ತಕ್ಕಡಿಯ ಮೇಲೆ ಬರಿಗಾಲಲ್ಲಿ ನಿಂತಾಗ ಮೈಯ ಕೊಬ್ಬು ಶೇ 23 ಎಂದು ಬಂತು ಎನ್ನಿ. ಎರಡೂ ಕೈಯಲ್ಲಿ ಹಿಡಿದುಕೊಳ್ಳುವ ಪುಟ್ಟ ಸಾಧನ ಅದನ್ನೇ ಶೇ 27 ಅಂದಿತು. ಜಿಮ್‌ನಲ್ಲಿ ನಿಂತು, ಹಿಡಿ ಹಿಡಿದು ಅಳೆಸುವ ದೊಡ್ಡ ಯಂತ್ರ ಶೇ 25ರ ಚೀಟಿ ಕೊಟ್ಟಿತು. ಮೊದಲೆರಡರ ನಡುವೆ ಸುಮಾರು 3 ಕಿಲೋ ಕೊಬ್ಬಿನ ಅಂತರ. ಆದರೂ ಮೂರರಲ್ಲಿ ಯಾವುದೂ ಕೆಟ್ಟಿರಬೇಕಾಗಿಲ್ಲ. ಅವು ಅಳೆದದ್ದೇ ಮೈಯ ಬೇರೆ ಬೇರೆ ಭಾಗಗಳನ್ನು.

ಅಸಲಿಗೆ ಈ ಯಂತ್ರಗಳು ಕೊಬ್ಬನ್ನು ನೋಡುವುದೇ ಇಲ್ಲ. ಅವು ಮೈಯೊಳಗೆ ಒಂದು ಮಿಲಿ ಆಂಪಿಯರ್‌ಗೂ ಕಡಿಮೆ ಕರೆಂಟನ್ನು, ಸಾಮಾನ್ಯವಾಗಿ 50 ಕಿಲೋಹರ್ಟ್ಸ್ ವೇಗದಲ್ಲಿ ಹಾಯಿಸಿ, ಅದಕ್ಕೆ ಎದುರಾದ ತಡೆಯನ್ನು ಓಮ್‌ಗಳಲ್ಲಿ ಅಳೆಯುತ್ತವೆ. ನಮಗೆ ಅದು ಗೊತ್ತೂ ಆಗುವುದಿಲ್ಲ. (ಪೇಸ್‌ಮೇಕರ್ ಹಾಕಿಸಿಕೊಂಡವರು ಮಾತ್ರ ಇದರಿಂದ ದೂರವಿರಬೇಕು.) ಮಾಂಸಖಂಡದಲ್ಲಿ ಉಪ್ಪುನೀರು ತುಂಬಿರುವುದರಿಂದ ಕರೆಂಟು ಸರಾಗವಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ನೀರು ಕಡಿಮೆ, ಅಲ್ಲಿ ತಡೆ ಹೆಚ್ಚು. ಸಿಕ್ಕ ಓಮ್ ಮತ್ತು ನಮ್ಮ ಎತ್ತರದಿಂದ ಮೈಯ ನೀರೆಷ್ಟು ಎಂದು ಲೆಕ್ಕ ಹಾಕುತ್ತಾರೆ. ಕೊಬ್ಬಿಲ್ಲದ ಮೈಯಲ್ಲಿ ಸುಮಾರು ಶೇ 73 ನೀರು ಎಂದು ಹಿಡಿದು ಅದರ ತೂಕ ಕಂಡುಕೊಳ್ಳುತ್ತಾರೆ. ಒಟ್ಟು ತೂಕದಿಂದ ಅದನ್ನು ಕಳೆದು ಉಳಿದದ್ದಕ್ಕೆ ಕೊಬ್ಬು ಎಂದು ಹೆಸರು. ಹಾಗಾಗಿ ಹಿಂದಿನ ಎಲ್ಲ ಹಂತಗಳ ತಪ್ಪೂ ಕೊನೆಗೆ ಈ ಶೇಷದ ತಲೆಗೇ ಬರುತ್ತದೆ.

ಇನ್ನು ಕರೆಂಟಿನ ದಾರಿ. ತಕ್ಕಡಿಯಲ್ಲಿ ಅದು ಒಂದು ಪಾದದಿಂದ ಹತ್ತಿ, ಕಿಬ್ಬೊಟ್ಟೆಯ ಕೆಳಭಾಗವನ್ನು ಸವರಿ, ಇನ್ನೊಂದು ಕಾಲಿನಿಂದ ಇಳಿದುಬಿಡುತ್ತದೆ. ಕೈಸಾಧನದಲ್ಲಿ ಒಂದು ಅಂಗೈಯಿಂದ ಹೊರಟು ಎದೆಯ ಮೇಲ್ಭಾಗ ದಾಟಿ ಇನ್ನೊಂದು ಅಂಗೈ ಸೇರುತ್ತದೆ. ಮೊದಲನೆಯದಕ್ಕೆ ಎದೆ, ತೋಳು ಕಾಣುವುದಿಲ್ಲ. ಎರಡನೆಯದಕ್ಕೆ ಸೊಂಟದ ಕೆಳಗೆ ಏನೂ ಇಲ್ಲ. ಕಾಣದ ಭಾಗವನ್ನು ಅವು ನಾವು ಒತ್ತಿ ತುಂಬಿದ ವಯಸ್ಸು, ಎತ್ತರ, ಲಿಂಗ ಮತ್ತು ತೂಕದ ಮೇಲೆ ಊಹಿಸುತ್ತವೆ. ತೊಡೆ ತುಂಬಿಕೊಂಡ ಮೈಕಟ್ಟಿನವರಿಗೂ ಹೊಟ್ಟೆ ಮುಂದೆ ಬಂದ ಮೈಕಟ್ಟಿನವರಿಗೂ ಇವೆರಡು ಬೇರೆ ಬೇರೆ ಉತ್ತರ ಕೊಡುವುದು ಇದೇ ಕಾರಣಕ್ಕೆ.

ಜಿಮ್‌ನ ಯಂತ್ರಕ್ಕೆ ಎಂಟು ಎಲೆಕ್ಟ್ರೋಡು, ಪ್ರತಿ ಕೈಗೆ ಎರಡು, ಪ್ರತಿ ಪಾದಕ್ಕೆ ಎರಡು. ಪ್ರತಿ ಜೋಡಿಯಲ್ಲಿ ಒಂದು ಕರೆಂಟು ಹಾಯಿಸಲು, ಇನ್ನೊಂದು ವೋಲ್ಟೇಜು ಓದಲು. ಇದರಲ್ಲೊಂದು ಸೊಗಸಾದ ಉಪಾಯವಿದೆ. ಕರೆಂಟನ್ನು ಬಲಗೈಯಿಂದ ಬಲಗಾಲಿಗೆ ಹರಿಸಿ, ವೋಲ್ಟೇಜನ್ನು ಮಾತ್ರ ಬಲಗೈ ಎಡಗೈಗಳ ನಡುವೆ ಓದುತ್ತಾರೆ. ಎಡತೋಳಿನಲ್ಲಿ ಆಗ ಕರೆಂಟಿಲ್ಲ, ಆದ್ದರಿಂದ ಅಲ್ಲಿ ವೋಲ್ಟೇಜು ಇಳಿಯುವುದೂ ಇಲ್ಲ. ಎಡಗೈಯ ಎಲೆಕ್ಟ್ರೋಡು ಭುಜದಲ್ಲೇ ಅಂಟಿಸಿದಂತೆ ಕೆಲಸ ಮಾಡುತ್ತದೆ. ಸಿಕ್ಕಿದ್ದು ಬಲತೋಳೊಂದರ ತಡೆ. ಕರೆಂಟಿನ ದಾರಿ ಬದಲಿಸದೆ ಎಡಗೈ ಮತ್ತು ಎಡಗಾಲಿನ ನಡುವೆ ಓದಿದರೆ ಮುಂಡದ ತಡೆ, ಎರಡು ಕಾಲುಗಳ ನಡುವೆ ಓದಿದರೆ ಬಲಗಾಲಿನದು. ಚೀಟಿಯಲ್ಲಿ RA, LA, TR, RL, LL ಎಂದು ಕಾಣುವುದು ಈ ಐದು ಭಾಗಗಳೇ.

ಇಷ್ಟೆಲ್ಲ ಜಾಣತನ ಮುಂಡದ ಹತ್ತಿರ ಬಂದು ಸೋಲುತ್ತದೆ. ಸಣ್ಣ ಪೈಪಿನಲ್ಲಿ ನೀರು ತಿಣುಕಿ ಹೋಗುವಂತೆ, ಅಗಲದ ಕಾಲುವೆಯಲ್ಲಿ ಸಲೀಸಾಗಿ ಹರಿಯುವಂತೆ, ಕರೆಂಟಿಗೂ ದಾರಿ ಸಣ್ಣದಾದಷ್ಟು, ಉದ್ದವಾದಷ್ಟು ತಡೆ ಹೆಚ್ಚು. ತೋಳು 60 ಸೆಂಟಿಮೀಟರ್ ಉದ್ದ, ಸರಾಸರಿ ಸುತ್ತಳತೆ 22 ಎಂದಿಟ್ಟುಕೊಂಡರೆ ಅದರ ಅಡ್ಡ ಸೀಳಿಕೆಯ ವಿಸ್ತಾರ ಸುಮಾರು 38 ಚದರ ಸೆಂಟಿಮೀಟರ್. ಮುಂಡ 50 ಉದ್ದ, ಸುತ್ತಳತೆ 90 ಎಂದರೆ ವಿಸ್ತಾರ ಸುಮಾರು 640. ಉದ್ದವನ್ನು ವಿಸ್ತಾರದಿಂದ ಭಾಗಿಸಿ ನೋಡಿ: ತೋಳಿನ ತಡೆ ಮುಂಡದ ಇಪ್ಪತ್ತು ಪಟ್ಟು ಬರುತ್ತದೆ. ಯಂತ್ರ ತೋರಿಸುವುದೂ ಹೆಚ್ಚುಕಡಿಮೆ ಹೀಗೆಯೇ, ತೋಳು 300 ಓಮ್ ಆಸುಪಾಸು, ಕಾಲು 250, ಮುಂಡ ಬರೀ 20-30. ಮೈತೂಕದ ಸುಮಾರು ಅರ್ಧ ಇರುವುದು ಮುಂಡದಲ್ಲಿ. ಕೈಯಿಂದ ಕಾಲಿನವರೆಗಿನ ಒಟ್ಟು ತಡೆಯಲ್ಲಿ ಅದರ ಪಾಲು ಬರೀ ಶೇ 5ರ ಆಸುಪಾಸು.

ಹೊಟ್ಟೆಯ ಭಾಗ ಬದಲಾಗಿ ಮುಂಡದ ತಡೆ ಶೇ 10ರಷ್ಟು ಏರಿತು ಅನ್ನೋಣ. 25 ಓಮ್ 27.5 ಆಯಿತು. ಒಟ್ಟು 575 ಇದ್ದದ್ದು 577.5. ಇಡೀ ಮೈಯನ್ನು ಒಂದೇ ಓಮ್‌ನಲ್ಲಿ ನೋಡುವ ಯಂತ್ರಕ್ಕೆ ಇದು ಗಮನಕ್ಕೇ ಬರುವುದಿಲ್ಲ. ಎಲೆಕ್ಟ್ರೋಡನ್ನು ಒಂದು ಸೆಂಟಿಮೀಟರ್ ಆಚೀಚೆ ಹಿಡಿದರೂ ಅದಕ್ಕಿಂತ ದೊಡ್ಡ ವ್ಯತ್ಯಾಸ ಬರುತ್ತದೆ. ಭಾಗ ಭಾಗವಾಗಿ ಅಳೆಯುವ ಯಂತ್ರಕ್ಕೆ ಆ 2.5 ಓಮ್ ಬೇರೆಯಾಗಿ ಕಾಣುತ್ತದೆ, ಅದೇ ಅದರ ನಿಜವಾದ ಲಾಭ. ಆದರೆ ಅಷ್ಟು ಸಣ್ಣ ತಡೆ ಅಳೆಯುವಾಗ ಅರ್ಧ ಓಮ್ ತಪ್ಪಿದರೂ ಶೇ 2ರ ತಪ್ಪು. ಉಸಿರೆಳೆದುಕೊಂಡಾಗ, ಊಟ ಮಾಡಿದ ಮೇಲೆಯೂ ಮುಂಡದ ತಡೆ ಅಲುಗಾಡುತ್ತದೆ.

ನಮ್ಮವರಿಗೆ ಇದು ಬರೀ ತಾಂತ್ರಿಕ ಕೊರತೆಯಲ್ಲ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ಮೈಗಳ ಅಳತೆ ಪ್ರಕಟಿಸಿದರು. ಇಬ್ಬರ ಬಿಎಂಐ ಕೂಡ 22.3. ಡೆಕ್ಸಾ ಎಕ್ಸ್‌ರೇ ಪ್ರಕಾರ ಯಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕರಲ್ಲಿ ಶೇ 21.2. ಭಾರತೀಯರಲ್ಲಿ ಈ ಹೆಚ್ಚುವರಿ ಕೊಬ್ಬು ಹೆಚ್ಚಾಗಿ ಸೇರಿಕೊಳ್ಳುವುದು ಹೊಟ್ಟೆಯಲ್ಲಿ, ಅಂದರೆ ಯಂತ್ರದ ಕಣ್ಣು ಮಂಜಾಗುವ ಕಡೆ. ಬೇರೆ ದೇಶದವರ ಮೈಗಳ ಮೇಲೆ ಕೂರಿಸಿದ ಸಮೀಕರಣ ಎತ್ತರ-ತೂಕ ನೋಡಿ ಊಹಿಸಹೊರಟರೆ ನಮ್ಮ ಕೊಬ್ಬನ್ನು ಕಡಿಮೆ ತೋರಿಸುವ ಸಾಧ್ಯತೆ ಹೆಚ್ಚು. ಹೊಟ್ಟೆಯ ಬಗ್ಗೆ ಚಿಂತೆಯಿದ್ದವರಿಗೆ ದರ್ಜಿಯ ಟೇಪೇ ಹೆಚ್ಚು ನಂಬಿಕಸ್ಥ ಎನ್ನುವುದು ನನ್ನ ಅಭಿಪ್ರಾಯ.

ಎರಡು ಎಂಟು-ಎಲೆಕ್ಟ್ರೋಡ್ ಯಂತ್ರಗಳೂ ತೋಳು-ಕಾಲಿನ ಲೆಕ್ಕದಲ್ಲಿ ಒಪ್ಪುವುದಿಲ್ಲ. ತೋಳು ಎಲ್ಲಿ ಮುಗಿದು ಮುಂಡ ಎಲ್ಲಿ ಶುರುವಾಗುತ್ತದೆ? ಕರೆಂಟಿನ ಪ್ರಕಾರ ಅದು ಭುಜದ ಒಳಗೆಲ್ಲೋ. ಯಂತ್ರವನ್ನು ಸರಿಹೊಂದಿಸಲು ಬಳಸಿದ ಡೆಕ್ಸಾ ಚಿತ್ರದಲ್ಲಿ ಅದು ತಂತ್ರಜ್ಞ ಎಳೆದ ಗೆರೆ. ನಿಲುವೂ ಮುಖ್ಯ. ತೋಳು ಪಕ್ಕೆಗೆ ತಾಗಿದರೆ, ತೊಡೆಗಳು ಒಂದಕ್ಕೊಂದು ಅಂಟಿದರೆ ಕರೆಂಟು ಚರ್ಮದಿಂದ ಚರ್ಮಕ್ಕೆ ಅಡ್ಡದಾರಿ ಹಿಡಿಯುತ್ತದೆ. ಅಂಗಡಿಯಲ್ಲೋ ತರಗತಿಯಲ್ಲೋ ದಿನವಿಡೀ ನಿಂತವರ ಕಾಲಿಗೆ ಸಂಜೆ ನೀರಿಳಿದು ಕಾಲಿನ ತಡೆ ತಗ್ಗುತ್ತದೆ. ಆಗ ಮನೆಯ ತಕ್ಕಡಿ ಕೊಬ್ಬು ಇಳಿದಿದೆ ಎಂದು ಖುಷಿಪಡಿಸುತ್ತದೆ.

ಈ ನೀರೇ ಮಾಂಸಖಂಡದ ವೇಷ ಹಾಕುವುದೂ ಉಂಟು. ಮಂಡಿಗೆ ಪೆಟ್ಟಾದವರೊಬ್ಬರ ಚೀಟಿಯಲ್ಲಿ ಪೆಟ್ಟಾದ ಬಲಗಾಲು 240 ಓಮ್, ಎಡಗಾಲು 265 ಎಂದು ಬಂತು ಎನ್ನಿ. ತಡೆ ಕಡಿಮೆ ಎಂದರೆ ಮಾಂಸ ಹೆಚ್ಚು ಎಂದೇ ಯಂತ್ರದ ತರ್ಕ, ಹಾಗಾಗಿ ಕುಂಟುವ ಕಾಲಿಗೆ ಸುಮಾರು ಶೇ 10 ಹೆಚ್ಚು ಮಾಂಸಖಂಡ ಬರೆದುಕೊಡುತ್ತದೆ. ಪತ್ತೆಹಚ್ಚುವುದು ಕಷ್ಟವಲ್ಲ. ಹಲವು ವೇಗಗಳಲ್ಲಿ ಅಳೆಯುವ ಯಂತ್ರವಾದರೆ ECW/TBW ಎಂಬ ಸಾಲು ನೋಡಬೇಕು. ಜೀವಕೋಶಗಳ ಹೊರಗಿನ ನೀರಿನ ಈ ಪಾಲು ಸಾಮಾನ್ಯವಾಗಿ 0.38 ಆಸುಪಾಸು ಇರುತ್ತದೆ. ಬಲಗಾಲಿನದು ಮಾತ್ರ 0.40ರ ಮೇಲೆ ಹೋಗಿದ್ದರೆ ಅದು ಬಾವು. ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದಾಗ ಗುಳಿ ಉಳಿದರೂ ಅದೇ ಅರ್ಥ. ಬಾವು ಇಳಿದ ಮೇಲೆ ಬೆಳಿಗ್ಗೆ, ಬರಿಹೊಟ್ಟೆಯಲ್ಲಿ, ಅದೇ ಯಂತ್ರದ ಮೇಲೆ ನಿಂತರೆ ಬಲಗಾಲಿನ ಓಮ್ ಏರಿರುತ್ತದೆ, ಯಂತ್ರ ‘ಮಾಂಸಖಂಡ ಕರಗಿದೆ’ ಎನ್ನುತ್ತದೆ. ಕಾಲು ವಾಸಿಯಾಗುತ್ತಿದೆ ಎಂಬುದಕ್ಕೆ ಅದೊಂದು ಗುರುತು.