ಕಂಪ್ಯೂಟರ್ ಮಹಡಿಯಲ್ಲಿ, ಆಟ ನಡುಮನೆಯಲ್ಲಿ

ಮಹಡಿಯ ಕೋಣೆಯ ಕಂಪ್ಯೂಟರಿನಲ್ಲಿರುವ ಗೇಮನ್ನು ನಡುಮನೆಯ ಟಿವಿಯಲ್ಲಿ ಆಡಲು ಮೆಟ್ಟಿಲುದ್ದಕ್ಕೂ ಕೇಬಲ್ ಎಳೆಯಬೇಕಿಲ್ಲ. ಆಂಡ್ರಾಯ್ಡ್ ಟಿವಿಗೆ ಸ್ಟೀಮ್ ಲಿಂಕ್ ಆ್ಯಪ್ ಹಾಕಿ, ಅಲ್ಲಿ ಮೂಡುವ ನಾಲ್ಕಂಕಿಯ ಪಿನ್ ಅನ್ನು ಕಂಪ್ಯೂಟರಿನ ಸ್ಟೀಮ್‌ನಲ್ಲಿ ಒತ್ತಿದರೆ ಸಾಕು.

ಗೇಮ್ ಓಡುವುದು ಕಂಪ್ಯೂಟರಿನಲ್ಲೇ. ಅದು ಚಿತ್ರವನ್ನು ವಿಡಿಯೊ ಮಾಡಿ ರೂಟರ್ ಮೂಲಕ ಟಿವಿಗೆ ಕಳಿಸುತ್ತದೆ. ಕಂಟ್ರೋಲರಿನ ಗುಂಡಿ ಒತ್ತಿದ ಸುದ್ದಿ ಅದೇ ದಾರಿಯಲ್ಲಿ ಮಹಡಿ ಹತ್ತುತ್ತದೆ.

ಕೈಕೊಡುವುದು ಹೆಚ್ಚಾಗಿ ವೈಫೈ. ಚಿತ್ರ ಚೌಕಚೌಕವಾಗಿ ಒಡೆದು ತಡವರಿಸಿದರೆ ಕಂಪ್ಯೂಟರನ್ನು ಲ್ಯಾನ್ ಕೇಬಲ್‌ನಿಂದ ರೂಟರಿಗೆ ಜೋಡಿಸಿ, ಟಿವಿಯನ್ನು 5 ಗಿಗಾಹರ್ಟ್ಸ್ ವೈಫೈಗೆ ಬದಲಿಸಬೇಕು. ಚಿತ್ರ ನುಣುಪಾಗಿದ್ದೂ ಗುಂಡಿ ಒತ್ತಿದ ಮೇಲೆ ಜಿಗಿತ ತಡವಾದರೆ ಟಿವಿಯ ಚಿತ್ರ ತಿದ್ದುವ ಸೆಟ್ಟಿಂಗುಗಳ ಮೇಲೆ ಅನುಮಾನಪಡಬೇಕು. ಅವನ್ನು ಆಫ್ ಮಾಡಿ ನೋಡಿ.

ಇಷ್ಟಾದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಗುಂಡು ಹಾರಿಸಬೇಕಾದ ಆನ್‌ಲೈನ್ ಶೂಟಿಂಗ್ ಗೇಮುಗಳನ್ನು ಕಂಪ್ಯೂಟರಿನ ಮುಂದೆಯೇ ಕೂತು ಆಡುವುದು ಮೇಲು.