ಬಿಸಿಲಿದ್ದರೂ ಸೋಲಾರ್ ನೀರು ಉಗುರು ಬೆಚ್ಚಗೆ: ದೋಷ ಟ್ಯೂಬಿನಲ್ಲೋ, ಟ್ಯಾಂಕಿನಲ್ಲೋ?

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ರೈತ ಕುಟುಂಬಗಳಲ್ಲಿ ಸೋಲಾರ್ ವಾಟರ್ ಹೀಟರ್‌ನ ನೀರು ಸ್ನಾನಕ್ಕಷ್ಟೇ ಅಲ್ಲದೆ ಹಾಲಿನ ಕ್ಯಾನು ತೊಳೆಯಲು, ಕರುಗಳಿಗೆ ಹಿಂಡಿ ಕಲಸಲು ಸಹ ಬಳಕೆಯಾಗುತ್ತದೆ. ಅಳವಡಿಸಿದ ಕೆಲವು ವರ್ಷಗಳ ನಂತರ ನಿಚ್ಚಳ ಬಿಸಿಲಿನ ದಿನಗಳಲ್ಲೂ ನೀರು ಉಗುರು ಬೆಚ್ಚಗಷ್ಟೇ ಬರಲಾರಂಭಿಸಿದರೆ ಮನೆಯವರು ಮತ್ತೆ ಬಚ್ಚಲ ಒಲೆಗೆ ಸೌದೆ ಹಾಕುತ್ತಾರೆ, ಇಲ್ಲವೇ ಎಲ್ಲ ಟ್ಯೂಬುಗಳನ್ನೂ ಬದಲಿಸುತ್ತಾರೆ. ದೋಷವು ಟ್ಯಾಂಕಿನ ಶಾಖನಿರೋಧಕ ಹೊದಿಕೆಯಲ್ಲಿದ್ದರೆ ಹೊಸ ಟ್ಯೂಬುಗಳಿಗೆ ಕೊಟ್ಟ ಹಣ ವ್ಯರ್ಥ. ಆದ್ದರಿಂದ ಯಾವುದೇ ಭಾಗವನ್ನು ಬಿಚ್ಚುವ ಮೊದಲು, ಶಾಖ ಸಂಗ್ರಹವಾಗುತ್ತಿಲ್ಲವೋ ಅಥವಾ ಸಂಗ್ರಹವಾದ ಶಾಖ ಉಳಿಯುತ್ತಿಲ್ಲವೋ ಎಂಬುದನ್ನು ತಿಳಿಯಬೇಕು. ಇದಕ್ಕೆ ಒಂದು ಥರ್ಮಾಮೀಟರ್ ಮತ್ತು ಒಂದು ದಿನ ಸಾಕು. ಈ ಲೇಖನದಲ್ಲಿ ಹೆಚ್ಚು ಬಳಕೆಯಲ್ಲಿರುವ, ನೀರು ನೇರವಾಗಿ ಗಾಜಿನ ಟ್ಯೂಬಿನೊಳಗೆ ಹರಿಯುವ ಮಾದರಿಯನ್ನು ಪರಿಗಣಿಸಲಾಗಿದೆ.

ಮೂರು ಬಾರಿ ಉಷ್ಣತೆ ಅಳೆಯುವುದು

ಮೋಡವಿಲ್ಲದ ದಿನವನ್ನು ಆರಿಸಿಕೊಳ್ಳಿ. ಬೆಳಿಗ್ಗೆ ನಲ್ಲಿಯಲ್ಲಿ ತಣ್ಣೀರು ಬರುವವರೆಗೆ ಟ್ಯಾಂಕಿನ ಬಿಸಿನೀರನ್ನು ಬಳಸಿ ಮುಗಿಸಿ. ಬಳಿಕ ಮರುದಿನ ಬೆಳಗಿನವರೆಗೆ ಅಳತೆಗಲ್ಲದೆ ನೀರು ಬಳಸಬಾರದು. ಟ್ಯಾಂಕಿಗೆ ಅತಿ ಸಮೀಪದ ನಲ್ಲಿಯಿಂದ, ಪೈಪಿನಲ್ಲಿ ನಿಂತ ನೀರನ್ನು ಮೊದಲು ಬಿಟ್ಟು, ಸ್ಟೀಲ್ ಲೋಟದಲ್ಲಿ ನೀರು ಹಿಡಿದು ಉಷ್ಣತೆಯನ್ನು ಬರೆದುಕೊಳ್ಳಿ. ಮೊದಲ ಅಳತೆ ಬೆಳಿಗ್ಗೆ 8.30ಕ್ಕೆ, ಎರಡನೆಯದು ಸಂಜೆ 4.30ಕ್ಕೆ, ಮೂರನೆಯದು ಮರುದಿನ ಬೆಳಿಗ್ಗೆ 6ಕ್ಕೆ ಇರಲಿ.

ಸುಸ್ಥಿತಿಯಲ್ಲಿರುವ ಹೀಟರಿನಲ್ಲಿ ಹಗಲಿನ ಏರಿಕೆ ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಷ್ಟಿರುತ್ತದೆ. ರಾತ್ರಿಯ ಇಳಿಕೆ ಸಾಮಾನ್ಯವಾಗಿ 5ರಿಂದ 8 ಡಿಗ್ರಿ. ಹಗಲಿನ ಏರಿಕೆ ಕಡಿಮೆಯಿದ್ದರೆ ಟ್ಯೂಬುಗಳನ್ನು, ರಾತ್ರಿಯ ಇಳಿಕೆ 10 ಡಿಗ್ರಿಗಿಂತ ಹೆಚ್ಚಿದ್ದರೆ ಟ್ಯಾಂಕನ್ನು ಪರೀಕ್ಷಿಸಬೇಕು. ಎರಡೂ ಸರಿಯಿದ್ದು ಬಚ್ಚಲಿನಲ್ಲಿ ಮಾತ್ರ ನೀರು ತಣ್ಣಗಿದ್ದರೆ ದೋಷ ಪೈಪಿನಲ್ಲಿದೆ. ಆಗ ಟ್ಯಾಂಕಿಗೆ ತಣ್ಣೀರು ಬರುವ ವಾಲ್ವ್ ಮುಚ್ಚಿ ಬಿಸಿನೀರಿನ ನಲ್ಲಿ ತೆರೆಯಿರಿ. ಸ್ವಲ್ಪ ಹೊತ್ತಿನಲ್ಲಿ ನೀರು ನಿಲ್ಲಬೇಕು. ನಿಲ್ಲದೆ ಹರಿಯುತ್ತಿದ್ದರೆ ಯಾವುದೋ ಮಿಕ್ಸರ್ ನಲ್ಲಿಯ ಮೂಲಕ ತಣ್ಣೀರು ಬಿಸಿನೀರಿನ ಪೈಪಿಗೆ ಸೇರುತ್ತಿದೆ ಎಂದರ್ಥ.

ಎರಡು ಉದಾಹರಣೆಗಳನ್ನು ನೋಡೋಣ. ಎರಡೂ ಮನೆಗಳಲ್ಲಿ 20 ಟ್ಯೂಬುಗಳ, 200 ಲೀಟರ್ ಹೀಟರ್ ಇದೆ ಎಂದಿಟ್ಟುಕೊಳ್ಳಿ. ಶಿಕಾರಿಪುರ ತಾಲ್ಲೂಕಿನ ಮನೆಯ ಅಳತೆಗಳು 25, 41 ಮತ್ತು 36 ಡಿಗ್ರಿ. ಸೊರಬ ತಾಲ್ಲೂಕಿನ ಮನೆಯವು 25, 56 ಮತ್ತು 40 ಡಿಗ್ರಿ. ಬೆಳಿಗ್ಗೆ ಸ್ನಾನಕ್ಕೆ ಹೋದವರಿಗೆ ಎರಡೂ ಕಡೆ ನೀರು ಹೆಚ್ಚುಕಡಿಮೆ ಒಂದೇ ರೀತಿ ಉಗುರು ಬೆಚ್ಚಗೆ. ಆದರೆ ಮೊದಲನೆಯದರಲ್ಲಿ ಹಗಲಿನ ಏರಿಕೆ 16 ಡಿಗ್ರಿ ಮಾತ್ರ, ದೋಷ ಟ್ಯೂಬುಗಳಲ್ಲಿದೆ. ಎರಡನೆಯದರಲ್ಲಿ ಏರಿಕೆ 31 ಡಿಗ್ರಿ ಇದ್ದರೂ ರಾತ್ರಿ 16 ಡಿಗ್ರಿ ಇಳಿದಿದೆ, ದೋಷ ಟ್ಯಾಂಕಿನಲ್ಲಿದೆ. 200 ಲೀಟರ್ ನೀರು 16 ಡಿಗ್ರಿ ತಣಿದರೆ ಸುಮಾರು 3.7 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಒಂದೇ ರಾತ್ರಿಯಲ್ಲಿ ನಷ್ಟವಾಗುತ್ತದೆ.

ಹಗಲಿನ ಏರಿಕೆ ಕಡಿಮೆಯಿದ್ದರೆ: ಟ್ಯೂಬುಗಳ ಪರೀಕ್ಷೆ

ಮೊದಲು ಟ್ಯೂಬುಗಳ ಮೇಲಿನ ಧೂಳನ್ನು ಮುಂಜಾನೆ ತೊಳೆಯಿರಿ. ದಕ್ಷಿಣ ದಿಕ್ಕಿನ ತೆಂಗು, ಅಡಿಕೆ ಮರಗಳ ನೆರಳು ಬೀಳುತ್ತದೆಯೇ ನೋಡಿ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ಬೇಸಿಗೆಯಲ್ಲಿ ಇಲ್ಲದ ನೆರಳು ಆಗ ಬೀಳಬಹುದು.

ನಂತರ ಪ್ರತಿ ಟ್ಯೂಬಿನ ಕೆಳತುದಿಯನ್ನು ಗಮನಿಸಿ. ಎರಡು ಗಾಜಿನ ಪದರಗಳ ನಡುವೆ ನಿರ್ವಾತವಿರುವವರೆಗೆ ಅಲ್ಲಿ ಕನ್ನಡಿಯಂತಹ ಬೆಳ್ಳಿ ಬಣ್ಣವಿರುತ್ತದೆ. ಅದು ಹಾಲಿನಂತೆ ಬಿಳಿಯಾಗಿದ್ದರೆ ಗಾಳಿ ಒಳಹೊಕ್ಕಿದೆ. ಆ ಟ್ಯೂಬ್ ಶಾಖವನ್ನು ಹೊರಕ್ಕೆ ಬಿಡುತ್ತದೆ. ಈ ಬಿಳುಪನ್ನು ಸುಣ್ಣವೆಂದು ತಪ್ಪು ತಿಳಿಯಬಾರದು. ತೊಳೆದರೆ ಅದು ಹೋಗದು, ಅಂತಹ ಟ್ಯೂಬನ್ನು ಬದಲಿಸಲೇಬೇಕು.

ಗಡಸು ನೀರಿನ ಸುಣ್ಣವಾದರೋ ಹೊರಗಿನಿಂದ ಕಾಣುವುದಿಲ್ಲ, ಏಕೆಂದರೆ ಒಳಗಾಜಿಗೆ ಕಪ್ಪು ಲೇಪನವಿದೆ. ಕೊಳವೆಬಾವಿಯ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಬೇರ್ಪಡುತ್ತದೆ. ನೀರು ಹೆಚ್ಚು ಕಾದಷ್ಟೂ ಈ ಕ್ರಿಯೆ ಚುರುಕು. ಗಾಜಿನ ಗೋಡೆಗೆ ಅಂಟಿದ ತೆಳು ಪದರದಿಂದ ಆಗುವ ನಷ್ಟ ಅಲ್ಪ. ನಿಜವಾದ ತೊಂದರೆ ಕೊಡುವುದು ಉದುರಿ ಟ್ಯೂಬಿನ ತಳದಲ್ಲಿ ಗಟ್ಟಿಯಾಗುವ ಗಸಿ. ಅದು ತುಂಬಿದಷ್ಟು ಉದ್ದದಲ್ಲಿ ನೀರೇ ಇರುವುದಿಲ್ಲ. ಟ್ಯೂಬಿನ ಬಾಯಿಯ ಬಳಿ ಸುಣ್ಣ ಕಟ್ಟಿದರೆ ಬಿಸಿನೀರು ಮೇಲೇರಿ ತಣ್ಣೀರು ಕೆಳಗಿಳಿಯುವ ಸಹಜ ಹರಿವು ಕುಂಠಿತವಾಗುತ್ತದೆ.

ಖಚಿತಪಡಿಸಿಕೊಳ್ಳಲು ಬಿಸಿಲೇರುವ ಮುನ್ನ ಟ್ಯಾಂಕ್ ಖಾಲಿ ಮಾಡಿ, ತಂತ್ರಜ್ಞರಿಂದ ಒಂದೆರಡು ಟ್ಯೂಬುಗಳನ್ನು ತೆಗೆಸಿ ಒಳಗೆ ಟಾರ್ಚ್ ಬಿಟ್ಟು ನೋಡಿ. ಗಸಿಯಿದ್ದರೆ ಪ್ರತಿ ಲೀಟರ್ ನೀರಿಗೆ 50 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ನೆರಳಿನಲ್ಲಿ ನಿಲ್ಲಿಸಿದ ಟ್ಯೂಬಿನಲ್ಲಿ ತುಂಬಿ. 58 ಮಿಲಿಮೀಟರ್ ವ್ಯಾಸದ, 1.8 ಮೀಟರ್ ಉದ್ದದ ಟ್ಯೂಬಿಗೆ ಸುಮಾರು 2.7 ಲೀಟರ್ ಹಿಡಿಯುತ್ತದೆ. ನೊರೆ ನಿಂತ ಮೇಲೆ ಉದ್ದ ಹಿಡಿಯ ಮೃದು ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಹೈಡ್ರೋಕ್ಲೋರಿಕ್ ಆಮ್ಲವನ್ನು ಟ್ಯಾಂಕಿಗೆ ಹಾಕಬಾರದು. ಅದು ಸ್ಟೇನ್‌ಲೆಸ್ ಸ್ಟೀಲನ್ನೂ ತೂತು ಮಾಡುತ್ತದೆ. ಬಿಸಿಲಿನಲ್ಲಿ ಕಾದ ಖಾಲಿ ಟ್ಯೂಬಿಗೆ ತಣ್ಣೀರು ಬಿಟ್ಟರೆ ಗಾಜು ಸಿಡಿಯುತ್ತದೆ.

ಮೇಲಿನ ಶಿಕಾರಿಪುರದ ಉದಾಹರಣೆಯಲ್ಲಿ ಮೂರು ಟ್ಯೂಬುಗಳ ತುದಿ ಬಿಳಿಯಾಗಿದ್ದು, ಉಳಿದವುಗಳಲ್ಲಿ ಮೊಳದಷ್ಟು ಗಸಿಯಿದ್ದರೆ ಬದಲಿಸಬೇಕಾದವು ಮೂರು ಮಾತ್ರ. ಉಳಿದ 17 ಟ್ಯೂಬುಗಳನ್ನು ತೊಳೆದರೆ ಸಾಕು.

ರಾತ್ರಿಯ ಇಳಿಕೆ ಹೆಚ್ಚಿದ್ದರೆ: ಟ್ಯಾಂಕಿನ ಹೊದಿಕೆ

ಒಳಟ್ಯಾಂಕು ಮತ್ತು ಹೊರಕವಚದ ನಡುವೆ ಪಫ್ ಎಂಬ ಗಟ್ಟಿ ನೊರೆಯನ್ನು ತುಂಬಿರುತ್ತಾರೆ. ಮಲೆನಾಡಿನ ಸೆರಗಿನ ಈ ತಾಲ್ಲೂಕುಗಳಲ್ಲಿ ಮಳೆನೀರು ಹೊರಕವಚದ ಕೀಲು, ಸ್ಕ್ರೂ ರಂಧ್ರಗಳ ಮೂಲಕ ಒಳಸೇರಬಹುದು. ಟ್ಯೂಬು ಸೇರುವಲ್ಲಿನ ರಬ್ಬರ್ ರಿಂಗ್ ಸವೆದಿದ್ದರೂ ನೀರು ಜಿನುಗಿ ಪಫ್ ನೆನೆಯುತ್ತದೆ. ನೆನೆದ ಪಫ್ ಶಾಖವನ್ನು ತಡೆಯುವ ಬದಲು ಹೊರಕ್ಕೆ ಸಾಗಿಸುತ್ತದೆ.

ಸೂರ್ಯ ಮುಳುಗಿ ಎರಡು ಗಂಟೆಯ ನಂತರ ಹೊರಕವಚವನ್ನು ಅಂಗೈಯಿಂದ ಮುಟ್ಟುತ್ತಾ ಹೋಗಿ. ಸುಸ್ಥಿತಿಯ ಟ್ಯಾಂಕು ಎಲ್ಲೆಡೆ ತಣ್ಣಗಿರುತ್ತದೆ. ಬೆಚ್ಚಗಿನ ಜಾಗವಿದ್ದರೆ ಅಲ್ಲಿ ಪಫ್ ಹಾಳಾಗಿದೆ. ಮಳೆ ನಿಂತು ದಿನಗಳಾದರೂ ಕೆಳಗಿನಿಂದ ನೀರು ತೊಟ್ಟಿಕ್ಕುವುದು, ತುಕ್ಕಿನ ಗೆರೆ, ಇರುವೆ ಅಥವಾ ಇಲಿಯ ಗೂಡು ಇತರ ಲಕ್ಷಣಗಳು. ಹಾಳಾದ ಭಾಗ ಚಿಕ್ಕದಿದ್ದರೆ ಜಿನುಗುವಿಕೆಯನ್ನು ನಿಲ್ಲಿಸಿ, ಆ ಭಾಗದ ಪಫ್ ತೆಗೆಸಿ ಹೊಸದಾಗಿ ತುಂಬಿಸಬಹುದು. ಬಹುಭಾಗ ನೆನೆದಿದ್ದರೆ ಟ್ಯಾಂಕನ್ನೇ ಬದಲಿಸುವುದು ಲೇಸು. ಟ್ಯೂಬುಗಳು ಚೆನ್ನಾಗಿದ್ದರೆ ಅವನ್ನೇ ಉಳಿಸಿಕೊಳ್ಳಬಹುದು.

ಸುಣ್ಣ ಮರುಕಳಿಸದಂತೆ

ನೀರಿನ ಮಾದರಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರುವುದು ಒಳಿತು. ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಸಹ್ಯ. ಕುಡಿಯಲು ಸಹ್ಯವಾದ ಈ ನೀರೂ ಹೀಟರಿನಲ್ಲಿ ಸುಣ್ಣ ಕಟ್ಟಬಲ್ಲದು ಎಂಬುದನ್ನು ಗಮನಿಸಬೇಕು. ಮನೆಯಲ್ಲೇ ಒಂದು ಲೀಟರ್ ನೀರನ್ನು ಹತ್ತು ನಿಮಿಷ ಕುದಿಸಿ ಆರಿಸಿದಾಗ ತಳದಲ್ಲಿ ಬಿಳಿ ಪುಡಿ ಕಂಡರೆ ಅದೇ ಪುಡಿ ಟ್ಯೂಬಿನಲ್ಲೂ ಕೂರುತ್ತದೆ.

ತೆರೆದ ಬಾವಿಯ ನೀರು ಇದೇ ಪರೀಕ್ಷೆಯಲ್ಲಿ ಮೃದುವೆಂದು ಕಂಡುಬಂದರೆ, ಹೀಟರಿಗೆ ಪ್ರತ್ಯೇಕ ಚಿಕ್ಕ ತೊಟ್ಟಿಯಿಟ್ಟು ಆ ನೀರನ್ನೇ ಕೊಡಿ. ಸೋಸಿ ಸಂಗ್ರಹಿಸಿದ ಚಾವಣಿಯ ಮಳೆನೀರು ಇನ್ನೂ ಉತ್ತಮ. ಮೂರು ತಿಂಗಳಿಗೊಮ್ಮೆ ಮುಂಜಾನೆ ಟ್ಯಾಂಕಿನ ತಳದ ಪ್ಲಗ್ ತೆಗೆದು ಗಸಿ ಹೊರಬಿಡಿ. ಆದರೆ ಟ್ಯೂಬಿನ ತಳದ ಗಸಿ ಇದರಿಂದ ಹೊರಬಾರದು, ಅದಕ್ಕೆ ಟ್ಯೂಬನ್ನೇ ತೆಗೆಯಬೇಕು. ಟ್ಯಾಂಕ್ ಖಾಲಿ ಮಾಡುವ ಮೊದಲು ಮೇಲಿನ ಗಾಳಿಕೊಳವೆ ಸುಣ್ಣದಿಂದ ಕಟ್ಟಿಲ್ಲವೆಂದು ನೋಡಿಕೊಳ್ಳಿ, ಇಲ್ಲದಿದ್ದರೆ ಟ್ಯಾಂಕು ಒಳಕ್ಕೆ ಕುಸಿಯಬಹುದು. ಹಲವು ದಿನ ಊರಿನಲ್ಲಿರದಿದ್ದರೆ ಟ್ಯೂಬುಗಳ ಮೇಲೆ ಗೋಣಿತಾಟು ಹೊದಿಸಿ ಹೋಗಿ. ಬಳಕೆಯಿಲ್ಲದೆ ಕುದಿಯುವ ನೀರಿನಲ್ಲೇ ಸುಣ್ಣ ಅತಿ ಬೇಗ ಕಟ್ಟುತ್ತದೆ.